ಲೆನ್ಸಿನ ಬದಲು ಬಂದ ಪೆಟ್ಟಿಗೆ: ತೂಕ, ವಿಡಿಯೊ ಮತ್ತು ಒಂದು ದೂರಿನ ಹಾದಿ

ಖಾಲಿ ಪೆಟ್ಟಿಗೆ ಕಳುಹಿಸುವ ಮಾರಾಟಗಾರನಿಗೆ ಬೇಕಾಗಿರುವುದು 'ತಲುಪಿದೆ' ಎಂದು ತೋರಿಸುವ ಒಂದು ಟ್ರ್ಯಾಕಿಂಗ್ ಸಂಖ್ಯೆ ಮಾತ್ರ. ಆ ಸಂಖ್ಯೆ ಕೈಯಲ್ಲಿದ್ದರೆ 'ಸರಕು ಬಂದೇ ಇಲ್ಲ' ಎಂಬ ದೂರನ್ನು ಆತ ಒಂದೇ ಸಾಲಿನ ಉತ್ತರದಲ್ಲಿ ತಳ್ಳಿಹಾಕಬಹುದು. ಪೆಟ್ಟಿಗೆಯೊಳಗೆ ಏನಾದರೊಂದು ಅಗ್ಗದ ವಸ್ತುವನ್ನು ಇಟ್ಟುಬಿಟ್ಟರೆ ಅವನ ಕೆಲಸ ಇನ್ನಷ್ಟು ಸುಲಭ. ಆಗ ಪೆಟ್ಟಿಗೆ ಖಾಲಿಯೂ ಅಲ್ಲ, ಬಂದಿಲ್ಲವೆಂದೂ ಅಲ್ಲ, ಉಳಿಯುವುದು ಒಳಗಿದ್ದದ್ದು ಏನೆಂಬ ವಾದ ಮಾತ್ರ. ಆ ವಾದದಲ್ಲಿ ಮಾರಾಟಗಾರನದೊಂದು ಮಾತು, ಕೊಂಡವನದೊಂದು ಮಾತು. ನನಗೆ ಬಂದದ್ದು ಈ ಎರಡನೆಯ ಬಗೆಯ ಪಾರ್ಸೆಲ್. ಆನ್‌ಲೈನ್ ಮಾರಾಟ ತಾಣವೊಂದರ ಮೂಲಕ ಕ್ಯಾಮೆರಾದ ಒಂದು ಲೆನ್ಸ್ ತರಿಸಿದ್ದೆ, ಬಂದದ್ದು ಮೊಬೈಲ್ ಫೋನಿಗೆ ಸಿಕ್ಕಿಸಿಕೊಳ್ಳುವ ಪ್ಲಾಸ್ಟಿಕ್ ಲೆನ್ಸ್. ಹಣ ಮರಳಿ ಬರುವವರೆಗೆ ನಡೆದದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲು ಪೆಟ್ಟಿಗೆ ಕೈಗೆ ಬಂದ ಗಳಿಗೆಯಿಂದ ಆರಂಭಿಸುವುದು ಸರಿ. ಲೆನ್ಸ್ ತಯಾರಕರ ವಿವರಪಟ್ಟಿಯಲ್ಲಿ ಅದರ ತೂಕ 545 ಗ್ರಾಂ ಎಂದಿತ್ತು. ಮುಚ್ಚಳಗಳು, ಹುಡ್, ತಯಾರಕರ ಪೆಟ್ಟಿಗೆ ಮತ್ತು ಹೊರಗಿನ ರಟ್ಟು ಸೇರಿದರೆ ಇಡೀ ಪಾರ್ಸೆಲ್ ಒಂದು ಕಿಲೋಗ್ರಾಮಿಗೆ ತುಸು ಕಡಿಮೆ ಇರಬೇಕೆಂದು ಮೊದಲೇ ಲೆಕ್ಕ ಹಾಕಿಟ್ಟಿದ್ದೆ. ಬೆಲೆ ಹೆಚ್ಚಿನ ಯಾವ ವಸ್ತುವನ್ನು ತರಿಸಿದರೂ ಈ ಒಂದು ಸಂಖ್ಯೆಯನ್ನು ಮೊದಲೇ ತಿಳಿದುಕೊಂಡಿರುವುದು ನನ್ನ ರೂಢಿ, ಏಕೆಂದರೆ ಪೆಟ್ಟಿಗೆ ಒಡೆಯದೆಯೇ ಪರೀಕ್ಷಿಸಬಹುದಾದದ್ದು ಅದೊಂದೇ. ಡೆಲಿವರಿಗೆ ಬಂದ ಹುಡುಗ ಪೆಟ್ಟಿಗೆಯನ್ನು ನನ್ನ ಕೈಗಿಟ್ಟಾಗ ಅದು ಕಾಲು ಕಿಲೋಗ್ರಾಮಿಗಿಂತ ಹೆಚ್ಚೇನೂ ಇರಲಾರದೆನಿಸಿತು.

"ನಿಮ್ಮೆದುರಿಗೇ ಬಿಚ್ಚಿ ನೋಡಬಹುದೇ?" ಎಂದು ಕೇಳಿದೆ.

"ಸಹಿ ಆಗೋವರೆಗೂ ಬಿಚ್ಚೋ ಹಾಗಿಲ್ಲ ಸರ್. ಬೇಡ ಅಂದ್ರೆ ವಾಪಸ್ ತಗೊಂಡು ಹೋಗ್ತೀನಿ," ಎಂದ.

ಆತ ಹೇಳಿದ್ದು ಅವರ ನಿಯಮ. ಅದರಲ್ಲಿ ಅವನ ತಪ್ಪೇನೂ ಇಲ್ಲ. ಪಾರ್ಸೆಲನ್ನು ನಿರಾಕರಿಸುವುದೂ ಒಂದು ದಾರಿಯೇ, ಅದಕ್ಕೆ ಅದರದೇ ಆದ ಅನುಕೂಲವಿದೆ: ಟ್ರ್ಯಾಕಿಂಗ್‌ನಲ್ಲಿ 'ತಲುಪಿದೆ' ಎಂಬ ನಮೂದು ಬೀಳುವುದಿಲ್ಲ. ಆದರೆ ಹಾಗೆ ಹಿಂದಿರುಗಿದ ಪೆಟ್ಟಿಗೆಯೊಳಗೆ ಏನಿತ್ತೆಂಬುದಕ್ಕೆ ಯಾವ ದಾಖಲೆಯೂ ಉಳಿಯುವುದಿಲ್ಲ. 'ಸರಿಯಾದ ಸರಕನ್ನೇ ಕಳುಹಿಸಿದ್ದೆ, ಗ್ರಾಹಕರು ಕಾರಣವಿಲ್ಲದೆ ಬೇಡವೆಂದರು' ಎಂದು ಹೇಳಿ ಸಾಗಣೆಯ ವೆಚ್ಚವನ್ನು ಮುರಿದುಕೊಳ್ಳಲು ಮಾರಾಟಗಾರನಿಗೆ ಅವಕಾಶ ಸಿಗುತ್ತದೆ. ಟೇಪು ಹರಿದಿದ್ದರೆ, ರಟ್ಟು ಜಜ್ಜಿಹೋಗಿದ್ದರೆ, ಸಹಿಗೆ ಮೊದಲೇ ಆ ಸಂಗತಿಯನ್ನು ಡೆಲಿವರಿ ದಾಖಲೆಯಲ್ಲಿ ಬರೆಸುವುದು ಅಥವಾ ನಿರಾಕರಿಸುವುದು ಸೂಕ್ತ. ನನ್ನ ಪೆಟ್ಟಿಗೆಯ ಟೇಪು ಚೊಕ್ಕವಾಗಿಯೇ ಇತ್ತು, ಹೊರಗಿನಿಂದ ದೂರಲು ಏನೂ ಇರಲಿಲ್ಲ. ಆದ್ದರಿಂದ ಸಹಿ ಮಾಡಿ, ಪೆಟ್ಟಿಗೆಯನ್ನು ಮುಟ್ಟದೆ ಮೇಜಿನ ಮೇಲಿಟ್ಟು, ವಿಡಿಯೊಗೆ ಸಿದ್ಧತೆ ಮಾಡಿಕೊಂಡೆ.

ಅನ್‌ಬಾಕ್ಸಿಂಗ್ ವಿಡಿಯೊ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅಂಥ ವಿಡಿಯೊಗಳಲ್ಲಿ ಹೆಚ್ಚಿನವು ದೂರನ್ನು ಪರಿಶೀಲಿಸುವವರ ಮುಂದೆ ನಿಲ್ಲುವುದಿಲ್ಲ. ಕಾರಣ ಸರಳ. ಪೆಟ್ಟಿಗೆಯೊಳಗೆ ಅಗ್ಗದ ವಸ್ತು ಇದ್ದದ್ದನ್ನು ವಿಡಿಯೊ ತೋರಿಸುತ್ತದೆ, ಸರಿ. ಅದಕ್ಕೂ ಮೊದಲು ನೀವೇ ಪೆಟ್ಟಿಗೆ ಬಿಚ್ಚಿ, ಅಸಲಿ ಸರಕನ್ನು ತೆಗೆದುಕೊಂಡು, ಬೇರೊಂದನ್ನು ಇಟ್ಟು ಟೇಪು ಹಚ್ಚಿಲ್ಲವೆಂಬುದನ್ನು ಅದು ತೋರಿಸುವುದಿಲ್ಲ. ಮಾರಾಟಗಾರ ಎತ್ತುವ ಮೊದಲ ಆಕ್ಷೇಪವೇ ಇದು. ಹಾಗಾಗಿ ವಿಡಿಯೊದಲ್ಲಿ ಬೆಲೆಬಾಳುವ ಭಾಗವೆಂದರೆ ಪೆಟ್ಟಿಗೆ ತೆರೆಯುವುದಕ್ಕೆ ಮುಂಚಿನ ಎರಡು ಮೂರು ನಿಮಿಷ. ಈ ಲೇಬಲ್ ಇರುವ, ಈ ಟೇಪು ಹಚ್ಚಿರುವ, ಇಷ್ಟು ತೂಕದ ಪೆಟ್ಟಿಗೆಯಿಂದಲೇ ಈ ವಸ್ತು ಬಂತು ಎಂಬ ಸರಪಳಿಯಲ್ಲಿ ಒಂದು ಕೊಂಡಿಯೂ ಕಳಚಬಾರದು.

ಫೋನನ್ನು ಕೈಯಲ್ಲಿ ಹಿಡಿಯದೆ ಒಂದು ಸ್ಟ್ಯಾಂಡಿಗೆ ಸಿಕ್ಕಿಸಿ, ಮೇಜನ್ನು ಮೇಲಿನಿಂದ ಓರೆಯಾಗಿ ನೋಡುವಂತೆ ನಿಲ್ಲಿಸಿದೆ. ಪೆಟ್ಟಿಗೆ, ತಕ್ಕಡಿ ಮತ್ತು ನನ್ನ ಎರಡೂ ಕೈಗಳು ಚೌಕಟ್ಟಿನೊಳಗೆ ಕೊನೆಯವರೆಗೂ ಇರುವಂತೆ ನೋಡಿಕೊಂಡೆ. ಒಂದು ಕೈ ಕ್ಷಣಕಾಲ ಮರೆಯಾದರೂ 'ಆಗ ಏನು ಮಾಡಿದಿರಿ' ಎಂಬ ಪ್ರಶ್ನೆ ಏಳುತ್ತದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿದೆ, ಏಕೆಂದರೆ ಕೆಲವು ಫೋನುಗಳಲ್ಲಿ ಕರೆ ಬಂದೊಡನೆ ರೆಕಾರ್ಡಿಂಗ್ ನಿಂತುಹೋಗುತ್ತದೆ, ಮತ್ತೆ ಆರಂಭಿಸಿದರೆ ಅದು ಎರಡನೆಯ ವಿಡಿಯೊ ಆಗುತ್ತದೆ. ರೆಕಾರ್ಡಿಂಗ್ ನಡುವೆ ವಿರಾಮದ ಗುಂಡಿಯನ್ನು ಒತ್ತುವುದೂ ಅಷ್ಟೇ ಅಪಾಯಕಾರಿ, ಆ ಜಿಗಿತ ನೋಡುವವರ ಕಣ್ಣಿಗೆ ಥಟ್ಟನೆ ಬೀಳುತ್ತದೆ. ನಂತರ ಹತ್ತು ಸೆಕೆಂಡುಗಳ ಒಂದು ಪರೀಕ್ಷಾ ವಿಡಿಯೊ ತೆಗೆದು, ಲೇಬಲಿನ ಸಣ್ಣ ಅಕ್ಷರಗಳು ಓದಲು ಬರುತ್ತವೆಯೇ ಎಂದು ನೋಡಿದೆ. ಬರಲಿಲ್ಲ. ಲೇಬಲ್ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗಿದ್ದುದರಿಂದ ದೀಪದ ಬೆಳಕು ಅದರ ಮೇಲೆ ಬಿಳಿ ಮಚ್ಚೆಯಾಗಿ ಬೀಳುತ್ತಿತ್ತು. ದೀಪವನ್ನು ಪಕ್ಕಕ್ಕೆ ಸರಿಸಿ, ಪೆಟ್ಟಿಗೆಯನ್ನು ತುಸು ವಾಲಿಸಿದಾಗ ಟ್ರ್ಯಾಕಿಂಗ್ ಸಂಖ್ಯೆ ಸ್ಪಷ್ಟವಾಯಿತು.

ನಿಜವಾದ ವಿಡಿಯೊದಲ್ಲಿ ಮೊದಲು ತೋರಿಸಿದ್ದು ಲೇಬಲ್. ಅದನ್ನು ಕ್ಯಾಮೆರಾದ ಹತ್ತಿರಕ್ಕೆ ಒಯ್ದು, ಅಲುಗಾಡಿಸದೆ ಐದು ಸೆಕೆಂಡು ಹಿಡಿದು, ಸಂಖ್ಯೆಯನ್ನು ಗಟ್ಟಿಯಾಗಿ ಓದಿದೆ. ಬಳಿಕ ಪೆಟ್ಟಿಗೆಯ ಆರೂ ಮುಖಗಳನ್ನು ಒಂದೊಂದಾಗಿ ತಿರುಗಿಸಿ ತೋರಿಸಿದೆ. ಬಹಳ ಮಂದಿ ಮೇಲ್ಭಾಗದ ಟೇಪನ್ನು ಮಾತ್ರ ತೋರಿಸುತ್ತಾರೆ, ಆದರೆ ಸಾಗಣೆಯ ಹಾದಿಯಲ್ಲಿ ಕದಿಯುವವರು ತಳವನ್ನೂ ಬಿಚ್ಚಬಹುದು. ಒಮ್ಮೆ ಬಿಚ್ಚಿ ಮತ್ತೆ ಹಚ್ಚಿದ ಟೇಪನ್ನು ಗುರುತಿಸುವುದು ಕಷ್ಟವಲ್ಲ: ಹಳೆಯ ಟೇಪು ಏಳುವಾಗ ರಟ್ಟಿನ ಮೇಲ್ಪದರದ ಕಂದು ನಾರುಗಳನ್ನು ಕಿತ್ತುಕೊಂಡು ಬರುತ್ತದೆ. ಮೇಲೆ ಹಚ್ಚಿದ ಹೊಸ ಟೇಪಿನಡಿಯಲ್ಲಿ ಆ ಒರಟು ಜಾಗ ಕಾಣಿಸುತ್ತದೆ, ಇಲ್ಲವೇ ಎರಡು ಟೇಪುಗಳ ಅಗಲವೋ ಹೊಳಪೋ ಬೇರೆಯಾಗಿರುತ್ತದೆ. ನನ್ನ ಪೆಟ್ಟಿಗೆಯಲ್ಲಿ ಮೇಲೂ ಕೆಳಗೂ ಒಂದೇ ಅಗಲದ ಒಂದೊಂದೇ ಪಟ್ಟಿ ಇತ್ತು. ಟೇಪಿನ ಉದ್ದಕ್ಕೂ ಉಗುರನ್ನು ಎಳೆದು, ಎಲ್ಲೂ ಎದ್ದಿಲ್ಲವೆಂಬುದನ್ನು ತೋರಿಸಿದೆ. ಇದು ಮಾರಾಟಗಾರನ ಪರವಾದ ಸಾಕ್ಷ್ಯವೆಂದು ಆಗ ಅನಿಸಿತ್ತು. ಅದು ನನ್ನ ಕೈ ಹಿಡಿದದ್ದು ಹೇಗೆಂಬುದು ಮುಂದೆ ಬರುತ್ತದೆ.

ಆಮೇಲೆ ತೂಕ. ಅಡುಗೆಮನೆಯಲ್ಲಿ ಬಳಸುವ, ಒಂದೊಂದು ಗ್ರಾಮನ್ನೂ ತೋರಿಸುವ ಡಿಜಿಟಲ್ ತಕ್ಕಡಿ ಸಾಕು. ತೊಡಕಿರುವುದು ಬೇರೆ ಕಡೆ: ದೊಡ್ಡ ಪೆಟ್ಟಿಗೆಯನ್ನು ಸಣ್ಣ ತಕ್ಕಡಿಯ ಮೇಲಿಟ್ಟರೆ ಅದು ಅಂಕಿ ಕಾಣುವ ಪರದೆಯನ್ನೇ ಮುಚ್ಚಿಬಿಡುತ್ತದೆ. ಆದ್ದರಿಂದ ತಕ್ಕಡಿಯ ಮೇಲೆ ಒಂದು ಬಟ್ಟಲನ್ನು ಬೋರಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಬಟ್ಟಲಿನ ಮೇಲೆ ಪೆಟ್ಟಿಗೆ ಇಡಬೇಕು. ಸೊನ್ನೆಗೆ ತರುವುದನ್ನು ವಿಡಿಯೊದಲ್ಲಿ ತೋರಿಸದಿದ್ದರೆ ಬಂದ ತೂಕಕ್ಕೆ ಅರ್ಥವಿಲ್ಲ. ತಕ್ಕಡಿಯೇ ಸುಳ್ಳೆಂಬ ಮಾತು ಬಾರದಿರಲೆಂದು ಖಾಲಿ ಬಾಟಲಿಯನ್ನು ಮೊದಲು ತೂಗಿ, ಅಳತೆಪಾತ್ರೆಯಿಂದ ಒಂದು ಲೀಟರ್ ನೀರು ತುಂಬಿ, ಮತ್ತೆ ತೂಗಿದೆ. ಒಂದು ಲೀಟರ್ ನೀರಿನ ತೂಕ ಹೆಚ್ಚುಕಡಿಮೆ 1000 ಗ್ರಾಂ. ವ್ಯತ್ಯಾಸ 996 ಗ್ರಾಂ ಬಂತು, ಮನೆಯ ಅಳತೆಪಾತ್ರೆಗೆ ಅಷ್ಟು ಸಾಕು. ನಂತರ ಪೆಟ್ಟಿಗೆಯನ್ನು ಇಟ್ಟೆ: 318 ಗ್ರಾಂ. ಒಳಗೆ ಲೆನ್ಸ್ ಇಲ್ಲವೆಂಬುದು ಬ್ಲೇಡು ಹಿಡಿಯುವ ಮೊದಲೇ ಖಚಿತವಾಯಿತು, ಏಕೆಂದರೆ ಬರಿಯ ಲೆನ್ಸಿನ ತೂಕವೇ 545 ಗ್ರಾಂ. ಪೆಟ್ಟಿಗೆಯ ಅಳತೆಯನ್ನೂ ಅಳತೆಪಟ್ಟಿಯಿಂದ ಅಳೆದು ತೋರಿಸಿದೆ: ಉದ್ದ 24, ಅಗಲ 20, ಎತ್ತರ 15 ಸೆಂಟಿಮೀಟರ್. ಈ ಅಳತೆ ಯಾವ ಕೆಲಸಕ್ಕೆ ಬರುತ್ತದೆಂದು ಆಗ ಸ್ಪಷ್ಟವಿರಲಿಲ್ಲ. ಪ್ರಕರಣ ಕೊನೆಗೆ ನಿಂತದ್ದು ಅದರ ಮೇಲೆಯೇ.

ಪೆಟ್ಟಿಗೆಯನ್ನು ಲೇಬಲ್ ಕತ್ತರಿಸದಂತೆ ಕೊಯ್ದು, ಬಾಯಿಯನ್ನು ಕ್ಯಾಮೆರಾದ ಕಡೆಗೆ ತಿರುಗಿಸಿ ತೆರೆದೆ. ನಾನು ನೋಡುವ ಹೊತ್ತಿಗೇ ಕ್ಯಾಮೆರಾವೂ ಒಳಗನ್ನು ನೋಡಬೇಕು. ಮುದುಡಿದ ಕಂದು ಕಾಗದ, ಗುಳ್ಳೆ ಪ್ಲಾಸ್ಟಿಕ್ಕಿನ ಎರಡು ಸುತ್ತು, ಅದರೊಳಗೆ ಹಸ್ತದಷ್ಟು ಅಗಲದ ಬಿಳಿ ಡಬ್ಬಿ. ಡಬ್ಬಿಯ ಮೇಲೆ ತಯಾರಕರ ಹೆಸರಿಲ್ಲ, ಕ್ರಮಸಂಖ್ಯೆಯಿಲ್ಲ. ಒಳಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥ ಹಿಡಿಕೆಗೆ ಅಂಟಿಸಿದ ಪ್ಲಾಸ್ಟಿಕ್ ಗಾಜು. ಒಂದೊಂದನ್ನೂ ಹೊರಗಿಟ್ಟ ಮೇಲೆ ಖಾಲಿ ಪೆಟ್ಟಿಗೆಯ ತಳ ಮತ್ತು ಮೂಲೆಗಳನ್ನು ತೋರಿಸಿ, ಮೂರು ಭಾಗಗಳನ್ನು ಬೇರೆ ಬೇರೆ ತೂಗಿದೆ: ರಟ್ಟಿನ ಪೆಟ್ಟಿಗೆ 180 ಗ್ರಾಂ, ಕಾಗದ ಮತ್ತು ಗುಳ್ಳೆ ಪ್ಲಾಸ್ಟಿಕ್ 60 ಗ್ರಾಂ, ಬಿಳಿ ಡಬ್ಬಿ 78 ಗ್ರಾಂ. ಒಟ್ಟು 318. ಮುಚ್ಚಿದ ಪೆಟ್ಟಿಗೆಯ ತೂಕಕ್ಕೂ ಒಳಗಿನ ಬಿಡಿಭಾಗಗಳ ತೂಕಕ್ಕೂ ಹೊಂದಿಕೆಯಾದುದರಿಂದ, ವಿಡಿಯೊದ ನಡುವೆ ಏನನ್ನೋ ಮರೆಮಾಡಿದೆನೆಂಬ ವಾದಕ್ಕೆ ಆಸ್ಪದವೇ ಉಳಿಯಲಿಲ್ಲ. ಕೊನೆಗೆ ಅದೇ ರೆಕಾರ್ಡಿಂಗಿನಲ್ಲಿ ಲೇಬಲನ್ನು ಮತ್ತೊಮ್ಮೆ ತೋರಿಸಿ ನಿಲ್ಲಿಸಿದೆ.

ಆ ಕಡತವನ್ನು ಇದ್ದಂತೆಯೇ ಎರಡು ಕಡೆ ಉಳಿಸಿಕೊಂಡೆ. ಮೆಸೇಜಿಂಗ್ ಆ್ಯಪ್ ಮೂಲಕ ವಿಡಿಯೊ ಕಳುಹಿಸಿದರೆ ಅದು ಸಾಮಾನ್ಯವಾಗಿ ಕುಗ್ಗುತ್ತದೆ, ಲೇಬಲಿನ ಅಕ್ಷರಗಳು ಕಲಸಿಹೋಗುತ್ತವೆ, ಕಡತದೊಳಗಿನ ದಿನಾಂಕದ ಮಾಹಿತಿಯೂ ಅಳಿಸಿಹೋಗಬಹುದು. ಆದ್ದರಿಂದ ಫೋನಿನಿಂದ ಕಂಪ್ಯೂಟರಿಗೆ ಕೇಬಲ್ ಮೂಲಕವೇ ನಕಲು ಮಾಡಿದೆ. ಪೆಟ್ಟಿಗೆ, ಕಾಗದ, ಡಬ್ಬಿ ಯಾವುದನ್ನೂ ಎಸೆಯಲಿಲ್ಲ. ಬದಲಿ ವಸ್ತು ಎಷ್ಟೇ ಅಗ್ಗದ್ದಾದರೂ ಅದನ್ನು ಬಳಸಬಾರದು, ಬಿಸಾಡಲೂಬಾರದು. ವಾಪಸು ಕಳುಹಿಸಿ ಎಂದು ಕೇಳಿದಾಗ ಕೊಡಲು ಇಲ್ಲದಿದ್ದರೆ ದೂರು ಅಲ್ಲಿಗೇ ಮುಗಿಯುತ್ತದೆ.

ಮುಂದಿನ ಹೆಜ್ಜೆ ದೂರಿನ ವರ್ಗವನ್ನು ಆರಿಸುವುದು, ಮತ್ತು ನನ್ನ ಅಭಿಪ್ರಾಯದಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ. ಖಾಲಿ ಪೆಟ್ಟಿಗೆ ಬಂದವರು ಸಹಜವಾಗಿಯೇ 'ಸರಕು ಬಂದಿಲ್ಲ' ಎಂಬುದನ್ನು ಒತ್ತುತ್ತಾರೆ. ಅವರ ಮಟ್ಟಿಗೆ ಅದು ನಿಜವೂ ಹೌದು. ಆದರೆ ಆ ವರ್ಗದ ದೂರಿನಲ್ಲಿ ನೋಡುವುದು ಪಾರ್ಸೆಲ್ ವಿಳಾಸಕ್ಕೆ ತಲುಪಿತೇ ಎಂಬುದನ್ನು ಮಾತ್ರ. ಟ್ರ್ಯಾಕಿಂಗ್ 'ತಲುಪಿದೆ' ಎಂದರೆ ವಿಡಿಯೊವನ್ನು ಯಾರೂ ತೆರೆದುನೋಡದೆಯೇ ದೂರು ತಿರಸ್ಕೃತವಾಗಬಹುದು. 'ವಿವರಣೆಗೆ ಹೊಂದದ ಸರಕು' ಎಂಬ ವರ್ಗದಲ್ಲಿ ಮಾತ್ರ ಒಳಗಿದ್ದದ್ದು ಏನೆಂಬ ಪ್ರಶ್ನೆ ಚರ್ಚೆಗೆ ಬರುತ್ತದೆ. ಕಾರ್ಡ್ ಜಾಲಗಳಲ್ಲೂ ಇದೇ ವಿಂಗಡಣೆ ಇದೆ. ವೀಸಾದ ನಿಯಮಗಳಲ್ಲಿ ಸರಕು ಬಾರದ ವ್ಯಾಜ್ಯಕ್ಕೆ 13.1, ವಿವರಣೆಗೆ ಹೊಂದದ ಅಥವಾ ದೋಷವಿರುವ ಸರಕಿನ ವ್ಯಾಜ್ಯಕ್ಕೆ 13.3 ಎಂಬ ಬೇರೆ ಬೇರೆ ಸಂಕೇತಗಳಿವೆ, ಎರಡಕ್ಕೂ ಕೇಳುವ ಪುರಾವೆ ಬೇರೆ. ನಾನು ತಾಣದಲ್ಲಿ ಎರಡನೆಯ ವರ್ಗವನ್ನೇ ಆರಿಸಿ ದೂರು ದಾಖಲಿಸಿದೆ.

ದೂರು ಓದುವವರಿಗೆ ಸಮಯ ಕಡಿಮೆ. ಇಡೀ ವಿಡಿಯೊವನ್ನು ಅವರು ನೋಡುತ್ತಾರೆಂದು ನಂಬಿ ಕೂರುವಂತಿಲ್ಲ. ತಾಣ ಒಪ್ಪುವ ಕಡತದ ಗಾತ್ರಕ್ಕೆ ವಿಡಿಯೊದ ಒಂದು ಪ್ರತಿಯನ್ನು ಕುಗ್ಗಿಸಿದೆ. ಅದರಿಂದಲೇ ನಾಲ್ಕು ಸ್ಥಿರಚಿತ್ರಗಳನ್ನು ತೆಗೆದೆ: ಲೇಬಲ್, ತಕ್ಕಡಿಯ ಮೇಲಿನ 318, ತೆರೆದ ಪೆಟ್ಟಿಗೆಯ ಒಳಭಾಗ, ಬಿಳಿ ಡಬ್ಬಿಯೊಳಗಿನ ವಸ್ತು. ಪ್ರತಿ ಚಿತ್ರದ ಜೊತೆಗೆ ಅದು ವಿಡಿಯೊದ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡಿನಲ್ಲಿದೆ ಎಂದು ಬರೆದೆ. ದೂರಿನ ಪಠ್ಯ ಐದಾರು ವಾಕ್ಯಗಳನ್ನು ಮೀರಲಿಲ್ಲ. 'ಆದೇಶಿಸಿದ ಲೆನ್ಸಿನ ತೂಕ ತಯಾರಕರ ವಿವರಪಟ್ಟಿಯ ಪ್ರಕಾರ 545 ಗ್ರಾಂ. ಬಂದ ಪಾರ್ಸೆಲಿನ ಒಟ್ಟು ತೂಕ, ರಟ್ಟು ಸೇರಿ, 318 ಗ್ರಾಂ. ಆದುದರಿಂದ ಆದೇಶಿಸಿದ ವಸ್ತು ಈ ಪಾರ್ಸೆಲಿನಲ್ಲಿ ಇರಲು ಸಾಧ್ಯವಿಲ್ಲ.' ಇದೇ ಅದರ ತಿರುಳು. ಮೋಸ, ಕಳ್ಳ ಎಂಬ ಪದಗಳನ್ನು ಬಳಸಲಿಲ್ಲ, ಏಕೆಂದರೆ ಯಾರು ಯಾವ ಉದ್ದೇಶದಿಂದ ಮಾಡಿದರೆಂದು ಸಾಧಿಸುವ ಹೊಣೆ ನನ್ನದಲ್ಲ. ತರಿಸಿದ್ದು ಬಂದಿಲ್ಲವೆಂದು ತೋರಿಸಿದರೆ ಸಾಕು.

ಮಾರಾಟಗಾರನ ಉತ್ತರಗಳು ಒಂದಾದ ಮೇಲೊಂದರಂತೆ ಬಂದವು, ಅವು ಬಂದ ಕ್ರಮವೂ ಗಮನಿಸತಕ್ಕದ್ದು. ಮೊದಲು 'ದಯವಿಟ್ಟು ಇನ್ನೊಮ್ಮೆ ಪೆಟ್ಟಿಗೆಯೊಳಗೆ ಹುಡುಕಿ' ಎಂದ. ಬಳಿಕ ಕಾಲು ಭಾಗದಷ್ಟು ಹಣ ಮರಳಿಸುತ್ತೇನೆ, ಆದರೆ ಮೊದಲು ದೂರನ್ನು ಮುಚ್ಚಬೇಕು ಎಂದ. ಅನೇಕ ತಾಣಗಳಲ್ಲಿ ಒಮ್ಮೆ ಮುಚ್ಚಿದ ದೂರನ್ನು ಮತ್ತೆ ತೆರೆಯಲು ಆಗುವುದಿಲ್ಲವೆಂಬುದು ಅವನಿಗೆ ಚೆನ್ನಾಗಿ ಗೊತ್ತು. ಅದಕ್ಕೆ ನಾನು ಒಪ್ಪದಿದ್ದಾಗ, ತಾಣದ ಹೊರಗೆ ಇಮೇಲ್ ಮೂಲಕ ಮಾತನಾಡೋಣವೆಂದ. ಅದಕ್ಕೂ ತಾಣದೊಳಗೇ ಉತ್ತರ ಬರೆದೆ. ಹೊರಗಿನ ಮಾತುಕತೆಯನ್ನು ಪರಿಶೀಲಿಸುವವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆಂಬ ಖಾತ್ರಿಯಿಲ್ಲ. ಇವೆಲ್ಲದರ ನಡುವೆ ಹರಿದುಹೋಗುತ್ತಿದ್ದುದು ಸಮಯ. ದೂರಿನ ಪ್ರತಿ ಹಂತಕ್ಕೂ ಗಡುವು ಇರುತ್ತದೆ, ಮತ್ತು ವಿನಯದ ಮಾತುಗಳಲ್ಲಿ ದಿನ ತಳ್ಳುವುದು ಈ ಕಸುಬಿನವರ ಹಳೆಯ ಉಪಾಯ. ಆದ್ದರಿಂದ ಸಂಭಾಷಣೆಯ ಹಂತದ ಗಡುವು ಮುಗಿಯುವುದಕ್ಕೆ ಮುಂಚೆಯೇ ತಾಣದವರೇ ತೀರ್ಮಾನಿಸಬೇಕೆಂದು ಕೋರಿಕೆ ಸಲ್ಲಿಸಿದೆ.

ಆಗ ಮಾರಾಟಗಾರ ತನ್ನ ಕೊನೆಯ ಅಸ್ತ್ರವನ್ನು ತೆಗೆದ. ಕೊರಿಯರ್ ರಸೀದಿಯ ಒಂದು ಫೋಟೊ. ಅದರಲ್ಲಿ ತೂಕ 1.5 ಕಿಲೋಗ್ರಾಂ ಎಂದು ಮುದ್ರಿತವಾಗಿತ್ತು, ಟ್ರ್ಯಾಕಿಂಗ್ ಸಂಖ್ಯೆ ನನ್ನದೇ. 'ನಾನು ಒಂದೂವರೆ ಕಿಲೋಗ್ರಾಮಿನ ಪಾರ್ಸೆಲ್ ಕಳುಹಿಸಿದ್ದೇನೆ. ಗ್ರಾಹಕರ ಕೈಯಲ್ಲಿ ಅದು 318 ಗ್ರಾಂ ಆಗಿದ್ದರೆ ಒಂದೋ ಹಾದಿಯಲ್ಲಿ ಕಳುವಾಗಿದೆ, ಇಲ್ಲವೇ ಗ್ರಾಹಕರೇ ತೆಗೆದಿದ್ದಾರೆ' ಎಂದು ಬರೆದ. ತಾಣದವರು ಇದನ್ನು ಒಪ್ಪಿ ದೂರನ್ನು ತಿರಸ್ಕರಿಸಿದರು. ಮೂರನೆಯ ಸಂಸ್ಥೆಯೊಂದರ ರಸೀದಿ ನನ್ನ ಮನೆಯ ತಕ್ಕಡಿಗಿಂತ ನಂಬಲರ್ಹವೆಂದು ಅವರಿಗೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಮೇಲ್ಮನವಿಗೆ ಅವಕಾಶವಿತ್ತು.

ಆ 1.5 ಎಂಬ ಅಂಕಿ ನನಗೆ ವಿಚಿತ್ರವಾಗಿ ಕಂಡಿತು. ಅಸಲಿ ಲೆನ್ಸನ್ನೇ ಇಟ್ಟಿದ್ದರೂ ಪಾರ್ಸೆಲ್ ಒಂದು ಕಿಲೋಗ್ರಾಮನ್ನು ದಾಟುತ್ತಿರಲಿಲ್ಲ. ಅಂದಮೇಲೆ ಅದು ತಕ್ಕಡಿ ತೋರಿಸಿದ ತೂಕವೇ ಅಲ್ಲ. ಕೊರಿಯರ್ ಸಂಸ್ಥೆಗಳು ಶುಲ್ಕ ವಿಧಿಸಲು ಎರಡು ತೂಕಗಳನ್ನು ಹೋಲಿಸುತ್ತವೆ: ಒಂದು ನಿಜವಾದ ತೂಕ, ಇನ್ನೊಂದು ಪೆಟ್ಟಿಗೆ ಹಿಡಿಯುವ ಜಾಗದಿಂದ ಲೆಕ್ಕಹಾಕುವ ವಾಲ್ಯೂಮೆಟ್ರಿಕ್ ತೂಕ. ಹಗುರವಾದರೂ ದೊಡ್ಡದಾದ ಪೆಟ್ಟಿಗೆ ವಾಹನದಲ್ಲಿ ಹೆಚ್ಚು ಜಾಗ ತಿನ್ನುವುದರಿಂದ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ ಪಡೆಯುತ್ತಾರೆ. ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ 5000ದಿಂದ ಭಾಗಿಸುವುದು ಎಕ್ಸ್‌ಪ್ರೆಸ್ ಕೊರಿಯರ್‌ಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಸೂತ್ರ. ನನ್ನ ಪೆಟ್ಟಿಗೆಗೆ ಲೆಕ್ಕ ಹೀಗಾಗುತ್ತದೆ:

```
24 × 20 × 15 = 7200
7200 ÷ 5000 = 1.44
```

1.44ನ್ನು ಮುಂದಿನ ಅರ್ಧ ಕಿಲೋಗ್ರಾಮಿಗೆ ಏರಿಸಿದರೆ 1.5. ರಸೀದಿಯಲ್ಲಿದ್ದದ್ದು ಪೆಟ್ಟಿಗೆಯ ಗಾತ್ರವೇ ಹೊರತು ಒಳಗಿದ್ದ ಸರಕಿನ ಭಾರವಲ್ಲ. ಅದೇ ಪೆಟ್ಟಿಗೆಯಲ್ಲಿ ಗಾಳಿಯನ್ನಷ್ಟೇ ತುಂಬಿ ಕಳುಹಿಸಿದ್ದರೂ ಅದೇ ಅಂಕಿ ಬರುತ್ತಿತ್ತು.

ಇದು ತರ್ಕವಾಯಿತು, ದಾಖಲೆ ಇನ್ನೂ ಬೇಕಿತ್ತು. ಫೋಟೊದಲ್ಲಿ ರಸೀದಿಯ ಎಡ ಅಂಚು ಕತ್ತರಿಸಿಹೋಗಿದ್ದುದನ್ನು ಗಮನಿಸಿದ್ದೆ. ಕೊರಿಯರ್ ಸಂಸ್ಥೆಯ ಗ್ರಾಹಕ ಸೇವೆಗೆ ಫೋನ್ ಮಾಡಿದಾಗ ಕಳುಹಿಸಿದವರ ಮಾಹಿತಿಯನ್ನು ಕೊಡಲಾಗದೆಂದರು. ನನಗೆ ಅವರ ಮಾಹಿತಿ ಬೇಕಿರಲಿಲ್ಲ. ಈ ಟ್ರ್ಯಾಕಿಂಗ್ ಸಂಖ್ಯೆಯ ಪಾರ್ಸೆಲನ್ನು ಸ್ವೀಕರಿಸುವಾಗ ದಾಖಲಾದ ನಿಜವಾದ ತೂಕವೆಷ್ಟು, ಶುಲ್ಕ ವಿಧಿಸಿದ ತೂಕವೆಷ್ಟು, ಇವೆರಡನ್ನು ಮಾತ್ರ ಲಿಖಿತವಾಗಿ ತಿಳಿಸಿ ಎಂದು, ಸ್ವೀಕರಿಸಿದವನು ನಾನೇ ಎಂಬುದಕ್ಕೆ ಗುರುತಿನ ದಾಖಲೆ ಲಗತ್ತಿಸಿ ಇಮೇಲ್ ಬರೆದೆ. ಹೀಗೆ ನಿರ್ದಿಷ್ಟವಾಗಿ ಎರಡು ಅಂಕಿಗಳನ್ನು ಕೇಳಿದ್ದಕ್ಕೆ ಉತ್ತರ ಬಂತು: ನಿಜವಾದ ತೂಕ 0.32 ಕಿಲೋಗ್ರಾಂ, ಶುಲ್ಕದ ತೂಕ 1.5 ಕಿಲೋಗ್ರಾಂ. ರಸೀದಿಯ ಕತ್ತರಿಸಿದ ಅಂಚಿನಲ್ಲಿ ಇದ್ದದ್ದು ಆ 0.32 ಆಗಿರಬೇಕು.

ಈ ಒಂದು ಅಂಕಿಯಿಂದ ಎರಡು ಸಂಗತಿಗಳು ಒಟ್ಟಿಗೆ ತೀರ್ಮಾನವಾದವು. ಮಾರಾಟಗಾರ ಒಪ್ಪಿಸಿದಾಗಲೇ ಪಾರ್ಸೆಲ್ 320 ಗ್ರಾಂ ಇತ್ತು, ನನ್ನ ಮೇಜಿನ ಮೇಲೆ 318 ಗ್ರಾಂ ಇತ್ತು. ಹಾದಿಯಲ್ಲಿ ಯಾರೂ ಏನನ್ನೂ ತೆಗೆದಿಲ್ಲ, ನಾನೂ ತೆಗೆದಿಲ್ಲ. ಮೊದಲು ಮಾರಾಟಗಾರನ ಪರವೆಂದು ತೋರಿದ್ದ ಚೊಕ್ಕ ಟೇಪು ಈಗ ಅವನಿಗೇ ತಿರುಗುಬಾಣವಾಯಿತು, ಏಕೆಂದರೆ ಅವನೇ ಹಚ್ಚಿದ ಟೇಪು ಕೊನೆಯವರೆಗೂ ಕದಲಿರಲಿಲ್ಲ. ಮೇಲ್ಮನವಿಯಲ್ಲಿ ಕೊರಿಯರ್‌ನವರ ಇಮೇಲ್, ಗಾತ್ರದ ಲೆಕ್ಕ, ವಿಡಿಯೊದಲ್ಲಿ ಪೆಟ್ಟಿಗೆಯನ್ನು ಅಳೆದ ಕ್ಷಣದ ಚಿತ್ರ, ಇಷ್ಟನ್ನು ಮಾತ್ರ ಇಟ್ಟೆ. ಹಳೆಯ ವಾದಗಳನ್ನು ಮತ್ತೆ ಬರೆಯಲಿಲ್ಲ.

ಈ ವಿಧಾನಕ್ಕೆ ಒಂದು ಮಿತಿಯಿದೆ. ಪೆಟ್ಟಿಗೆಯೊಳಗೆ ಅಸಲಿ ಸರಕಿನಷ್ಟೇ ಭಾರದ ಕಲ್ಲನ್ನೋ ಮರದ ತುಂಡನ್ನೋ ಇಟ್ಟು ಕಳುಹಿಸುವವರೂ ಇದ್ದಾರೆ. ಅಂಥ ಕಡೆ ತೂಕ ಏನನ್ನೂ ಹೇಳುವುದಿಲ್ಲ, ಎಲ್ಲ ಭಾರವೂ ಲೇಬಲ್ ಮತ್ತು ಟೇಪನ್ನು ತೋರಿಸುವ ಆರಂಭದ ನಿಮಿಷಗಳ ಮೇಲೆ ಬೀಳುತ್ತದೆ. ಅಸಲಿಯಂತೆಯೇ ಕಾಣುವ ನಕಲಿ ಬಂದಾಗಲೂ ತೂಕಕ್ಕಿಂತ ಕ್ರಮಸಂಖ್ಯೆ ಮುಖ್ಯ. ವಸ್ತುವಿನ ಮೇಲೆ, ಅದರ ಡಬ್ಬಿಯ ಮೇಲೆ, ಬಿಲ್ಲಿನಲ್ಲಿ ಇರುವ ಸಂಖ್ಯೆಗಳನ್ನು ಒಂದೇ ವಿಡಿಯೊದಲ್ಲಿ ಪಕ್ಕಪಕ್ಕದಲ್ಲಿ ತೋರಿಸಬೇಕಾಗುತ್ತದೆ. ಬೇರೆ ದೇಶದಿಂದ ಅಂಚೆ ಮೂಲಕ ಬರುವ ಪೊಟ್ಟಣದ ಮೇಲೆ CN22 ಎಂಬ ಕಸ್ಟಮ್ಸ್ ಚೀಟಿ ಇದ್ದರೆ ಅದನ್ನು ಕಡ್ಡಾಯವಾಗಿ ಚಿತ್ರೀಕರಿಸಬೇಕು. ಒಳಗಿರುವ ವಸ್ತು, ಅದರ ತೂಕ ಮತ್ತು ಮೌಲ್ಯವನ್ನು ಕಳುಹಿಸುವವನೇ ಅದರಲ್ಲಿ ಘೋಷಿಸಿರುತ್ತಾನೆ. ಅಲ್ಲಿ ಅಗ್ಗದ ವಸ್ತುವಿನ ಹೆಸರೇ ಇದ್ದರೆ ಅದಕ್ಕಿಂತ ದೊಡ್ಡ ತಪ್ಪೊಪ್ಪಿಗೆ ಬೇಕಿಲ್ಲ.

ಮೇಲ್ಮನವಿ ನನ್ನ ಪರವಾಗಿ ತೀರ್ಮಾನವಾಯಿತು, ಆದರೆ ಬಂದ ವಸ್ತುವನ್ನು ವಾಪಸು ಕಳುಹಿಸಿದ ಮೇಲೆಯೇ ಹಣ ಬರುವುದೆಂದು ತಾಣದವರು ತಿಳಿಸಿದರು. ಇದು ಮತ್ತೊಂದು ಅಪಾಯದ ತಿರುವು. 'ಖಾಲಿ ಪೆಟ್ಟಿಗೆ ಕಳುಹಿಸಿದ್ದಾರೆ' ಎಂದು ಈಗ ಮಾರಾಟಗಾರ ಹೇಳಬಹುದು. ಹಾಗಾಗಿ ಅದೇ ವಿಧಾನವನ್ನು ತಲೆಕೆಳಗಾಗಿ ನಡೆಸಿದೆ. ಖಾಲಿ ರಟ್ಟಿನಿಂದ ಆರಂಭಿಸಿ, ಬಿಳಿ ಡಬ್ಬಿ, ಗುಳ್ಳೆ ಪ್ಲಾಸ್ಟಿಕ್, ಕಾಗದ, ಟೇಪು, ಹೊಸ ಲೇಬಲ್, ಕೊನೆಗೆ ತಕ್ಕಡಿ, ಎಲ್ಲವನ್ನೂ ಒಂದೇ ವಿಡಿಯೊದಲ್ಲಿ ದಾಖಲಿಸಿದೆ. ಹೊಸ ಟೇಪು ಸೇರಿ ತೂಕ 325 ಗ್ರಾಂ ಬಂತು. ಕಳುಹಿಸುವ ವಿಳಾಸವನ್ನು ತಾಣವೇ ಕೊಟ್ಟದ್ದಾಗಿರಬೇಕು. ಮಾರಾಟಗಾರ ಸಂದೇಶದಲ್ಲಿ ಬೇರೊಂದು ವಿಳಾಸ ಕೊಟ್ಟಿದ್ದ, ಅಲ್ಲಿಗೆ ಕಳುಹಿಸಿದ್ದರೆ ತಾಣದ ಲೆಕ್ಕದಲ್ಲಿ ಅದು ವಾಪಸಾದಂತೆಯೇ ಆಗುತ್ತಿರಲಿಲ್ಲ. ಕೊರಿಯರ್ ಕೌಂಟರಿನಲ್ಲಿ ರಸೀದಿಯ ಮೇಲೆ ನಿಜವಾದ ತೂಕವೂ ಮುದ್ರಿತವಾಗಬೇಕೆಂದು ಕೇಳಿದೆ.

"ದುಡ್ಡು ಕಟ್ಟೋದು ಒಂದೂವರೆ ಕೆಜಿಗೇ ಸರ್, ಅದು ಯಾಕೆ ಬೇಕು?" ಎಂದರು ಅಲ್ಲಿದ್ದವರು.

"ಅದೊಂದಕ್ಕೇ ಬಂದಿರೋದು," ಎಂದೆ. ಅವರು ನಕ್ಕು, ಎರಡೂ ಅಂಕಿಗಳಿದ್ದ ಪ್ರತಿಯನ್ನು ಮುದ್ರಿಸಿಕೊಟ್ಟರು.

ತಾಣ ಈ ಹಂತದಲ್ಲೂ ಕೈಕೊಟ್ಟಿದ್ದರೆ ಬ್ಯಾಂಕಿನ ಮೂಲಕ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಲ್ಲಿ ಕಟ್ಟಿದ ಹಣದ ವಾಪಸಾತಿ, ಕೇಳುವ ದಾರಿ ಉಳಿದಿತ್ತು. ವೀಸಾ ಮತ್ತು ಮಾಸ್ಟರ್‌ಕಾರ್ಡ್‌ಗಳಲ್ಲಿ ಇಂಥ ವ್ಯಾಜ್ಯಕ್ಕೆ ಸಾಮಾನ್ಯವಾಗಿ 120 ದಿನಗಳ ಮಿತಿಯಿದೆ, ಸರಕು ಕೈಗೆ ಬಂದ ದಿನವನ್ನು ನಾನು ಅದಕ್ಕಾಗಿಯೇ ಗುರುತು ಹಾಕಿಟ್ಟಿದ್ದೆ. ಎರಡನ್ನೂ ಒಟ್ಟಿಗೆ ಹೂಡಲಿಲ್ಲ, ಏಕೆಂದರೆ ಬ್ಯಾಂಕಿನಲ್ಲಿ ವ್ಯಾಜ್ಯ ಆರಂಭವಾದೊಡನೆ ತಮ್ಮಲ್ಲಿರುವ ದೂರನ್ನು ಮುಚ್ಚಿಬಿಡುವ ತಾಣಗಳಿವೆ. ಅದರ ಅಗತ್ಯವೂ ಬೀಳಲಿಲ್ಲ. ವಾಪಸು ಪಾರ್ಸೆಲ್ ತಲುಪಿದೆಯೆಂದು ಟ್ರ್ಯಾಕಿಂಗ್ ತೋರಿಸಿದ ಮೇಲೆ, ಅದರ ತೂಕದ ಬಗ್ಗೆ ಮಾರಾಟಗಾರನಿಂದ ಯಾವ ಆಕ್ಷೇಪವೂ ಬಾರದೆ, ಪೂರ್ತಿ ಹಣ ಅದೇ ಕಾರ್ಡಿಗೆ ಜಮೆಯಾಯಿತು. ವಾಪಸು ಕಳುಹಿಸಿದ ವೆಚ್ಚಕ್ಕೆ ಬೇರೆಯೇ ಅರ್ಜಿ ಹಾಕಬೇಕಾಯಿತು. ಕೌಂಟರಿನ ಆ ರಸೀದಿಯನ್ನು ಲಗತ್ತಿಸಿದ್ದರಿಂದ ಅದೂ ಬಂತು, 1.5 ಕಿಲೋಗ್ರಾಮಿನ ದರದಲ್ಲಿ.